ಅತ್ತರೆ ಹಗುರಾಗುವುದು ಯಾವಾಗ?

ಸಾವಿನ ಮನೆಗೆ ಹೋದವರ ಕಣ್ಣು ಮೊದಲು ಹುಡುಕುವುದು ಅಳದೇ ಕುಳಿತವರನ್ನು. ಗಂಡನನ್ನು ಕಳೆದುಕೊಂಡ ಹೆಂಗಸು ಗೋಡೆಗೊರಗಿ ಸುಮ್ಮನೆ ಕೂತಿದ್ದರೆ ಹಿರಿಯ ಹೆಂಗಸರಿಗೆ ಆತಂಕ ಶುರುವಾಗುತ್ತದೆ. "ಬೆಳಗ್ಗೆಯಿಂದ ಒಂದು ಹನಿ ಕಣ್ಣೀರು ಹಾಕಿಲ್ಲ ಕಣೇ, ಹೇಗಾದ್ರೂ ಮಾಡಿ ಅವಳನ್ನ ಅಳಿಸ್ರೇ" ಎಂದು ಪಿಸುಗುಟ್ಟುತ್ತಾರೆ. ಯಾರೋ ಒಬ್ಬರು ಹೋಗಿ ಅವಳ ಭುಜ ಹಿಡಿದು, ತೀರಿಕೊಂಡವನ ಹೆಸರು ಹೇಳಿ, ಅವನ ಮಾತು, ಅವನ ನಡೆ ಎಲ್ಲವನ್ನೂ ನೆನಪಿಸುತ್ತಾರೆ. ಕೊನೆಗೆ ಅವಳು ಅತ್ತಾಗ ಸುತ್ತ ಇದ್ದವರು ನಿಟ್ಟುಸಿರು ಬಿಡುತ್ತಾರೆ. "ಅತ್ತುಬಿಡು ತಾಯಿ, ಎದೆ ಹಗುರಾಗುತ್ತೆ."

ಈ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೆಂದರೆ ಅದು ನಿಜವೇ ಎಂದು ಪರೀಕ್ಷಿಸಬೇಕೆಂದು ಅನ್ನಿಸುವುದೇ ಇಲ್ಲ. ಆದರೆ ಕಳೆದ ನಾಲ್ಕು ದಶಕಗಳಲ್ಲಿ ಕೆಲವು ಮನಶ್ಶಾಸ್ತ್ರಜ್ಞರು ಇದನ್ನೇ ಹಿಡಿದು ಕೂತರು. ಅತ್ತವರ ಮನಸ್ಸು ನಿಜಕ್ಕೂ ಹಗುರಾಗುತ್ತದೆಯೇ, ಆಗುವುದಾದರೆ ಯಾವಾಗ, ಎಷ್ಟು ಹೊತ್ತಿನ ಮೇಲೆ, ಯಾರ ಎದುರಿಗೆ ಎಂದು ಅಳೆದು ನೋಡಿದರು. ಅವರಿಗೆ ಸಿಕ್ಕ ಉತ್ತರ ನಮ್ಮ ಹಿರಿಯರ ಮಾತನ್ನು ಅರ್ಧ ಎತ್ತಿಹಿಡಿಯುತ್ತದೆ, ಇನ್ನರ್ಧವನ್ನು ತಿದ್ದುತ್ತದೆ. ಆ ತಿದ್ದುಪಡಿ ತಿಳಿದಿದ್ದರೆ, ಅಳುವವರ ಪಕ್ಕದಲ್ಲಿ ಕೂರುವ ನಮಗೆ ಏನು ಮಾಡಬೇಕು, ಏನು ಮಾಡಬಾರದು ಎನ್ನುವುದೂ ತಿಳಿಯುತ್ತದೆ.

ಮೊದಲು ಕಣ್ಣೀರು ಎಲ್ಲಿಂದ ಬರುತ್ತದೆ ಎಂದು ನೋಡೋಣ. ಹುಬ್ಬಿನ ಹೊರತುದಿಯ ಕೆಳಗೆ, ಕಣ್ಣುಗೂಡಿನ ಮೇಲ್ಭಾಗದಲ್ಲಿ, ಬಾದಾಮಿಯಷ್ಟು ದೊಡ್ಡ ಅಶ್ರುಗ್ರಂಥಿ ಇದೆ. ನಾವು ಅಳದಿರುವಾಗಲೂ ಕಣ್ಣಿನ ಮೇಲೆ ಸದಾ ತೆಳುವಾದ ನೀರಿನ ಪದರ ಇರುತ್ತದೆ. ರೆಪ್ಪೆ ಬಡಿದಾಗಲೆಲ್ಲ ಅದು ಕಣ್ಣಿನ ತುಂಬ ಹರಡಿಕೊಳ್ಳುತ್ತದೆ. ಅದರಲ್ಲಿ ಲೈಸೋಜೈಮ್ ಎಂಬ ಕಿಣ್ವವಿದ್ದು, ಕಣ್ಣಿಗೆ ಬಂದು ಬೀಳುವ ಅನೇಕ ಬ್ಯಾಕ್ಟೀರಿಯಾಗಳನ್ನು ಒಡೆದುಹಾಕುತ್ತದೆ. ಪೆನ್ಸಿಲಿನ್ ಕಂಡುಹಿಡಿಯುವುದಕ್ಕೆ ಆರು ವರ್ಷ ಮೊದಲು, 1922ರಲ್ಲಿ, ಅಲೆಕ್ಸಾಂಡರ್ ಫ್ಲೆಮಿಂಗ್ ಜಗತ್ತಿಗೆ ತಿಳಿಸಿದ್ದು ಈ ಲೈಸೋಜೈಮ್ ಬಗ್ಗೆ. ಇದು ಮೊದಲ ಬಗೆಯ ಕಣ್ಣೀರು, ದಿನವಿಡೀ ಕಣ್ಣನ್ನು ಕಾಯುವಂಥದ್ದು.

ಎರಡನೆಯದು ಹೊಗೆ, ದೂಳು, ಈರುಳ್ಳಿಗೆ ಬರುವ ಕಣ್ಣೀರು. ಈರುಳ್ಳಿ ಹೆಚ್ಚಿದಾಗ ಅದರ ಕೋಶಗಳು ಒಡೆದು, ಗಂಧಕವಿರುವ ಒಂದು ಅನಿಲ ಎದ್ದು ಕಣ್ಣಿಗೆ ತಾಗುತ್ತದೆ. ಕಣ್ಣಿನ ಸ್ಪರ್ಶನರ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ, ಮಿದುಳು ತೊಳೆಯಲು ನೀರು ಬಿಡುತ್ತದೆ.

ಮೂರನೆಯದೇ ನಮ್ಮ ವಿಷಯ, ಮನಸ್ಸು ತುಂಬಿ ಬರುವ ಕಣ್ಣೀರು. ಇದು ಈರುಳ್ಳಿಯ ಕಣ್ಣೀರಿಗಿಂತ ಬೇರೆ ದಾರಿಯಲ್ಲಿ ಹುಟ್ಟುತ್ತದೆ. ಕಣ್ಣಿನ ಸ್ಪರ್ಶನರಕ್ಕೆ ಪೆಟ್ಟಾಗಿ ಹೊಗೆಗೆ ಕಣ್ಣೀರು ಬರುವುದು ನಿಂತವರಿಗೂ ದುಃಖಕ್ಕೆ ಕಣ್ಣೀರು ಬರುತ್ತದೆ. ಅದರ ಅಪ್ಪಣೆ ಕಣ್ಣಿನಿಂದ ಹೊರಡುವುದಿಲ್ಲ, ಮಿದುಳಿನೊಳಗೆ ಭಾವನೆಗಳನ್ನು ನೋಡಿಕೊಳ್ಳುವ ಭಾಗಗಳಿಂದ ಹೊರಟು, ಮಿದುಳಿನ ಕಾಂಡವನ್ನು ಹಾದು, ಗ್ರಂಥಿಗೆ ಬರುತ್ತದೆ. ಹುಟ್ಟಿದ ಮಗು ಮೊದಲ ಕೆಲವು ವಾರ ಎಷ್ಟೇ ಕಿರುಚಿ ಅತ್ತರೂ ಕೆನ್ನೆ ಒದ್ದೆಯಾಗುವುದಿಲ್ಲ ಎನ್ನುವುದನ್ನು ಬಾಣಂತಿಯ ಆರೈಕೆ ಮಾಡಿದವರೆಲ್ಲ ಕಂಡಿರುತ್ತಾರೆ. ಅಳುವ ದನಿ ಹುಟ್ಟಿನಿಂದಲೇ ಬರುತ್ತದೆ, ಕಣ್ಣೀರು ಆಮೇಲೆ ಬಂದು ಅದರ ಜೊತೆ ಸೇರುತ್ತದೆ.

ಕೆರೆಗೆ ತೂಬು, ಕೋಡಿ ಎರಡೂ ಇರುವ ಹಾಗೆಯೇ ಕಣ್ಣಿನ ವ್ಯವಸ್ಥೆ. ರೆಪ್ಪೆಗಳ ಒಳತುದಿಯಲ್ಲಿ, ಮೂಗಿನ ಪಕ್ಕ, ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಿವೆ. ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯನ್ನು ಸ್ವಲ್ಪ ಎಳೆದು ನೋಡಿದರೆ ಕಾಣಿಸುತ್ತದೆ. ದಿನನಿತ್ಯದ ಕಣ್ಣೀರು ಈ ತೂಬಿನ ಮೂಲಕ ಮೂಗಿಗೆ ಇಳಿದು, ಅಲ್ಲಿಂದ ಗಂಟಲಿಗೆ ಸೇರಿ, ನಮಗೆ ಗೊತ್ತೇ ಆಗದಂತೆ ಹೊಟ್ಟೆಗೆ ಹೋಗುತ್ತದೆ. ಅಳುವಾಗ ನೀರು ಜಾಸ್ತಿಯಾಗಿ ತೂಬು ಸಾಲದೆ ಕೆನ್ನೆಯ ಮೇಲೆ ಕೋಡಿ ಬೀಳುತ್ತದೆ. ಅಳುವಾಗ ಮೂಗು ಸುರಿಯುವುದೂ ಇದೇ ಕಾರಣಕ್ಕೆ, ಅದರಲ್ಲಿ ಬಹುಪಾಲು ಕಣ್ಣೀರೇ.

ಅತ್ತರೆ ಮನಸ್ಸು ಹಗುರಾಗುತ್ತದೆ ಎನ್ನುವುದಕ್ಕೆ ದೇಹದಲ್ಲೇ ಕಾರಣ ಹುಡುಕಿದವರಲ್ಲಿ ಪ್ರಸಿದ್ಧರು ಅಮೆರಿಕದ ಮಿನೆಸೋಟಾದ ಜೀವರಸಾಯನ ವಿಜ್ಞಾನಿ ವಿಲಿಯಂ ಫ್ರೇ. 1980ರ ದಶಕದ ಆರಂಭದಲ್ಲಿ ಅವರು ಜನರಿಗೆ ದುಃಖದ ಸಿನಿಮಾ ತೋರಿಸಿ, ಕಣ್ಣೀರನ್ನು ಸಣ್ಣ ಗಾಜಿನ ನಳಿಕೆಗಳಲ್ಲಿ ಹಿಡಿದರು. ಇನ್ನೊಮ್ಮೆ ಈರುಳ್ಳಿಯಿಂದ ಕಣ್ಣೀರು ಬರಿಸಿ ಅದನ್ನೂ ಹಿಡಿದರು. ಎರಡನ್ನೂ ಹೋಲಿಸಿದಾಗ ದುಃಖದ ಕಣ್ಣೀರಿನಲ್ಲಿ ಪ್ರೋಟೀನಿನ ಅಂಶ ಹೆಚ್ಚಿತ್ತು. ಒತ್ತಡದ ವೇಳೆ ದೇಹದಲ್ಲಿ ಏರುವ ಕೆಲವು ಹಾರ್ಮೋನುಗಳೂ ಕಣ್ಣೀರಿನಲ್ಲಿ ಸಿಕ್ಕವು. ಇದರಿಂದ ಫ್ರೇ ಒಂದು ಊಹೆ ಮುಂದಿಟ್ಟರು: ಬೆವರು, ಮೂತ್ರದ ಹಾಗೆ ಕಣ್ಣೀರು ಕೂಡ ಒಂದು ವಿಸರ್ಜನೆ, ಒತ್ತಡದಿಂದ ದೇಹದಲ್ಲಿ ಸೇರುವ ಬೇಡದ ವಸ್ತುಗಳನ್ನು ಅಳು ಹೊರಹಾಕುತ್ತದೆ.

ಇವತ್ತಿಗೂ ವಾಟ್ಸ್ಆ್ಯಪ್‌ನಲ್ಲಿ "ಅಳುವುದರಿಂದ ದೇಹದ ವಿಷ ಹೊರಹೋಗುತ್ತದೆ" ಎಂದು ಹರಿದಾಡುವ ಸಂದೇಶಗಳ ಮೂಲ ಇದೇ. ಕೇಳಲು ಸೊಗಸಾಗಿದೆ, ಆದರೆ ನಿಲ್ಲುವುದಿಲ್ಲ. ಕಣ್ಣಿನ ಮೇಲೆ ಒಂದು ಹೊತ್ತಿಗೆ ಇರುವ ನೀರು ಒಂದು ಹನಿಗಿಂತ ಕಡಿಮೆ. ಬಿಕ್ಕಿ ಬಿಕ್ಕಿ ಅತ್ತರೂ ಒಟ್ಟು ಸೇರುವುದು ಒಂದೆರಡು ಚಮಚದೊಳಗೆ. ಮೂತ್ರಪಿಂಡಗಳಾದರೋ ದಿನಕ್ಕೆ ಒಂದರಿಂದ ಎರಡು ಲೀಟರಿನಷ್ಟನ್ನು ಹೊರಗೆ ಕಳಿಸುತ್ತವೆ. ಅಷ್ಟು ಸ್ವಲ್ಪ ಕಣ್ಣೀರಿನಲ್ಲಿ ರಕ್ತದ ಹಾರ್ಮೋನು ಗಮನಕ್ಕೆ ಬರುವಷ್ಟು ಇಳಿಯಲು ಸಾಧ್ಯವಿಲ್ಲ. ಅದರಲ್ಲೂ ಒಂದು ಪಾಲು ಮೂಗಿನ ದಾರಿಯಲ್ಲಿ ಮತ್ತೆ ಹೊಟ್ಟೆಗೇ ಹೋಗುತ್ತದೆ. ಫ್ರೇ ಕಂಡ ವ್ಯತ್ಯಾಸ ಇರಬಹುದು, ಅದರಿಂದ ಮನಸ್ಸು ಹಗುರಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ.

ಹಾಗಾದರೆ ಅಳು ದೇಹಕ್ಕೆ ಏನು ಮಾಡುತ್ತದೆ? ಅಳು ಬರುವ ಮುಂಚೆ ದೇಹ ಬಿಗಿಯಾಗುತ್ತದೆ. ಎದೆಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಗಂಟಲು ಕಟ್ಟುತ್ತದೆ. ಗಂಟಲು ಕಟ್ಟುವುದಕ್ಕೆ ಕಾರಣವೂ ಸರಳ. ಕಷ್ಟಕಾಲಕ್ಕೆ ಹೆಚ್ಚು ಗಾಳಿ ಎಳೆದುಕೊಳ್ಳಲೆಂದು ದೇಹ ಗಂಟಲಿನ ಬಾಯನ್ನು ಅಗಲಿಸಿ ಹಿಡಿದಿರುತ್ತದೆ. ಅದೇ ಹೊತ್ತಿಗೆ ನಾವು ಅಳು ನುಂಗಲು ನೋಡುತ್ತೇವೆ, ನುಂಗಬೇಕಾದರೆ ಅದು ಮುಚ್ಚಬೇಕು. ಎರಡು ಸ್ನಾಯುಗಳ ಜಗ್ಗಾಟವೇ ಗಂಟಲಲ್ಲಿ ಗಂಟಾಗಿ ಕೂತ ಅನುಭವ. ಆಮೇಲೆ ಅಳು ಹರಿದು ತಗ್ಗುತ್ತಾ ಬಂದಾಗ, ದೇಹವನ್ನು ಶಾಂತಗೊಳಿಸುವ ಪ್ಯಾರಾಸಿಂಪಥೆಟಿಕ್ ನರಗಳ ಕೈ ಮೇಲಾಗುತ್ತದೆ. ಉಸಿರು ದೀರ್ಘವಾಗುತ್ತದೆ, ಎದೆಬಡಿತ ಇಳಿಯುತ್ತದೆ. ಅಶ್ರುಗ್ರಂಥಿಗೆ ಅಪ್ಪಣೆ ಕೊಡುವುದೂ ಇದೇ ಗುಂಪಿನ ನರಗಳು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 197 ವಿದ್ಯಾರ್ಥಿನಿಯರ ಮೇಲೆ ಇದನ್ನು ಪರೀಕ್ಷಿಸಿದರು. ಕೆಲವರಿಗೆ ದುಃಖದ ವಿಡಿಯೊ, ಕೆಲವರಿಗೆ ಭಾವನೆಗೆ ಸಂಬಂಧವಿಲ್ಲದ ವಿಡಿಯೊ ತೋರಿಸಿ, ಆಮೇಲೆ ಎಲ್ಲರ ಕೈಯನ್ನೂ ಕೊರೆಯುವ ತಣ್ಣೀರಿನಲ್ಲಿ ಇಡಿಸಿದರು. ಅತ್ತವರು ನೋವನ್ನು ಹೆಚ್ಚು ಹೊತ್ತು ತಾಳಿಕೊಂಡರೇ? ಇಲ್ಲ. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಅವರಲ್ಲಿ ಕಡಿಮೆಯಾಗಿತ್ತೇ? ಅದೂ ಇಲ್ಲ. ಆದರೆ ಅತ್ತವರ ಉಸಿರಾಟ ಏರದೆ ಒಂದೇ ಹದದಲ್ಲಿ ಉಳಿದಿತ್ತು. ಅಳುವಾಗ ನಾವು ಗೊತ್ತಿಲ್ಲದೆಯೇ ಉಸಿರನ್ನು ಹದಕ್ಕೆ ತರುತ್ತಿರಬಹುದು ಎಂದು ಆ ಸಂಶೋಧಕರು ಭಾವಿಸುತ್ತಾರೆ. ದೇಹದ ಮಟ್ಟದಲ್ಲಿ ಅಳು ಕೊಡುವ ನೆರವು ಇಷ್ಟು ಮಿತವಾದದ್ದು. ದೊಡ್ಡ ನೆರವು ಬೇರೆ ಕಡೆಯಿಂದ ಬರುತ್ತದೆ.

ಅದನ್ನು ಅರ್ಥಮಾಡಿಕೊಳ್ಳಲು ಬೆಂಗಳೂರಿನಲ್ಲೇ ಇಡೀ ದೇಶ ಕಂಡ ಒಂದು ಅಳುವನ್ನು ನೆನಪಿಸಿಕೊಳ್ಳೋಣ. 2019ರ ಸೆಪ್ಟೆಂಬರ್ 7ರ ನಡುರಾತ್ರಿ ದಾಟಿದ ಮೇಲೆ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲಕ್ಕೆ ಇಳಿಯುತ್ತಿತ್ತು. 2.1 ಕಿಲೋಮೀಟರ್ ಎತ್ತರದವರೆಗೆ ಎಲ್ಲವೂ ಸರಿಯಿತ್ತು, ಆಮೇಲೆ ಸಂಪರ್ಕ ಕಡಿಯಿತು. ಇಸ್ರೋ ಅಧ್ಯಕ್ಷ ಕೆ. ಶಿವನ್ ಆ ಸುದ್ದಿಯನ್ನು ಕೆಲವೇ ವಾಕ್ಯಗಳಲ್ಲಿ ಹೇಳಿದರು. ದನಿ ಭಾರವಾಗಿತ್ತು, ಆದರೆ ಅವರು ಅಳಲಿಲ್ಲ. ಅಳು ಬಂದದ್ದು ಬೆಳಗ್ಗೆ. ಪ್ರಧಾನಿ ವಿಜ್ಞಾನಿಗಳನ್ನು ಉದ್ದೇಶಿಸಿ ಮಾತಾಡಿ ಹೊರಡುವ ಹೊತ್ತಿನಲ್ಲಿ, ಅವರನ್ನು ಬೀಳ್ಕೊಡಲು ಬಂದ ಶಿವನ್ ಕಣ್ಣೀರಾದರು. ಪ್ರಧಾನಿ ಅವರನ್ನು ತಬ್ಬಿ, ಬೆನ್ನು ಸವರುತ್ತಾ ನಿಂತರು.

ಆ ಹೊತ್ತಿನಲ್ಲಿ ಶಿವನ್ ಅವರ ಮನಸ್ಸಿನಲ್ಲಿ ಏನಿತ್ತೆಂದು ಹೇಳುವ ಹಕ್ಕು ನಮಗಿಲ್ಲ. ಆದರೆ ಸಮಯವನ್ನು ಗಮನಿಸಿ. ಪೆಟ್ಟು ಬಿದ್ದದ್ದು ರಾತ್ರಿ, ಕಣ್ಣೀರು ಬಂದದ್ದು ಗಂಟೆಗಳ ನಂತರ, ಎದುರಿಗೆ ಒಂದು ಹೆಗಲು ಸಿಕ್ಕಾಗ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವೂ ಹೀಗೆಯೇ. ಅಮ್ಮನನ್ನು ಹುಡುಕುವಾಗ ಕಣ್ಣರಳಿಸಿಕೊಂಡು ಓಡಾಡುತ್ತದೆ, ಅಮ್ಮ ಕಂಡ ಕೂಡಲೇ ಗೋಳೋ ಎಂದು ಅಳುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇ ಎಫ್ರಾನ್ ಮತ್ತು ಅವರ ಸಹೋದ್ಯೋಗಿ 1979ರಲ್ಲಿ ಇದನ್ನೇ ಒಂದು ಸಿದ್ಧಾಂತವಾಗಿ ಬರೆದರು. ಕಣ್ಣೀರು ಎರಡು ಹಂತದಲ್ಲಿ ಬರುತ್ತದೆ. ಮೊದಲು ಮನಸ್ಸು ಬಿಗಿಯಾಗುತ್ತದೆ. ಆಮೇಲೆ ಏನೋ ಒಂದು ಆಗಿ ಆ ಬಿಗಿ ಸಡಿಲುತ್ತದೆ: ಇನ್ನು ಹೋರಾಡಿ ಫಲವಿಲ್ಲ ಎಂದು ಕೈಬಿಟ್ಟಾಗ, ಅಪಾಯ ಕಳೆದಾಗ, ನಂಬಿಕೆಯವರು ಎದುರಿಗೆ ಬಂದಾಗ. ಕಣ್ಣೀರು ಹರಿಯುವುದು ಆ ಎರಡನೆಯ ಹಂತದಲ್ಲಿ. ಮಗಳ ಮದುವೆಯ ಓಡಾಟವನ್ನೆಲ್ಲ ಗಟ್ಟಿಯಾಗಿ ನಿಂತು ಮುಗಿಸಿದ ಅಪ್ಪ, ಅವಳು ಕಾರು ಹತ್ತಿದ ಮೇಲೆ ಕಣ್ಣೊರೆಸಿಕೊಳ್ಳುವುದು ಇದರಿಂದಲೇ ಅರ್ಥವಾಗುತ್ತದೆ.

ನನಗೆ ಈ ಸಿದ್ಧಾಂತ ಮುಖ್ಯ ಅನ್ನಿಸುವುದು ಒಂದು ಕಾರಣಕ್ಕೆ. ಅತ್ತದ್ದರಿಂದ ಸಮಾಧಾನವಾಯಿತು ಎಂದು ನಾವು ಹೇಳುವ ಅನೇಕ ಸಲ, ಸಮಾಧಾನದ ಮೊದಲ ಎಳೆ ಆಗಲೇ ಬಂದಿರುತ್ತದೆ. ಅದು ಬಂದದ್ದರಿಂದಲೇ ಅಳು ಬಂದಿರುತ್ತದೆ.

ಇನ್ನು ಅತ್ತ ಮೇಲಿನ ಮಾತು. ಇಲ್ಲಿ ಸಂಶೋಧಕರಿಗೆ ಬಹಳ ಕಾಲ ಒಂದು ಒಗಟು ಎದುರಾಗಿತ್ತು. "ನೀವು ಕಡೆಯ ಸಲ ಅತ್ತಾಗ ಹೇಗನ್ನಿಸಿತು?" ಎಂದು ಕೇಳಿದರೆ ಹೆಚ್ಚಿನವರು "ಹಗುರಾಯಿತು" ಎನ್ನುತ್ತಿದ್ದರು. ಜನರನ್ನು ಪ್ರಯೋಗಾಲಯಕ್ಕೆ ಕರೆದು ಸಿನಿಮಾ ತೋರಿಸಿ, ಅತ್ತ ಕೂಡಲೇ ಕೇಳಿದರೆ "ಮೊದಲಿಗಿಂತ ಕುಗ್ಗಿದ್ದೇನೆ" ಎನ್ನುತ್ತಿದ್ದರು. ಎರಡರಲ್ಲಿ ಯಾವುದು ನಿಜ?

ನೆದರ್ಲೆಂಡ್ಸ್‌ನ ಟಿಲ್ಬರ್ಗ್ ವಿಶ್ವವಿದ್ಯಾಲಯದಲ್ಲಿ ಆ್ಯಡ್ ವಿಂಗರ್‌ಹುಟ್ಸ್ ಎಂಬ ಪ್ರಾಧ್ಯಾಪಕರು ದಶಕಗಳ ಕಾಲ ಅಳುವಿನ ಮೇಲೆಯೇ ಕೆಲಸ ಮಾಡಿದವರು. ಅವರು ಮತ್ತು ಅಸ್ಮಿರ್ ಗ್ರಾಚಾನಿನ್ ಸೇರಿ ಈ ಒಗಟನ್ನು ಬಿಡಿಸಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಅದರಲ್ಲಿ ಭಾಗವಹಿಸಿದವರು 60 ಜನ. ಅವರಿಗೆ ತೋರಿಸಿದ್ದು ಎರಡು ಸಿನಿಮಾ. ಒಂದು, ನಾಜಿ ಶಿಬಿರದಲ್ಲಿ ಮಗನ ಮನಸ್ಸು ಮುರಿಯದಂತೆ ಕಾಯುವ ಅಪ್ಪನ ಕತೆಯಾದ ಇಟಲಿಯ 'ಲಾ ವೀಟಾ ಎ ಬೆಲ್ಲಾ'. ಇನ್ನೊಂದು, ಸತ್ತ ಒಡೆಯನಿಗಾಗಿ ರೈಲು ನಿಲ್ದಾಣದಲ್ಲಿ ವರ್ಷಗಟ್ಟಲೆ ಕಾಯುವ ನಾಯಿಯ ಕತೆಯಾದ 'ಹಾಚಿ'. ಇವುಗಳನ್ನು ನೋಡಿ 28 ಜನ ಅತ್ತರು, 32 ಜನ ಅಳಲಿಲ್ಲ.

ಹಿಂದಿನವರು ಮಾಡದ ಒಂದು ಕೆಲಸವನ್ನು ಇವರು ಮಾಡಿದರು, ಕಾದರು. ಸಿನಿಮಾಗೆ ಮೊದಲು ಪ್ರತಿಯೊಬ್ಬರ ಮನಃಸ್ಥಿತಿಯನ್ನು ಗುರುತು ಹಾಕಿಕೊಂಡರು, ಮುಗಿದ ಕೂಡಲೇ ಒಂದು ಸಲ, 20 ನಿಮಿಷ ಬಿಟ್ಟು ಒಂದು ಸಲ, 90 ನಿಮಿಷ ಬಿಟ್ಟು ಇನ್ನೊಂದು ಸಲ. ಅಳದವರ ಗುರುತು ಎಲ್ಲಿತ್ತೋ ಅಲ್ಲೇ ಉಳಿಯಿತು. ಅತ್ತವರದು ಸಿನಿಮಾ ಮುಗಿದ ಕೂಡಲೇ ತಟ್ಟನೆ ಕೆಳಗೆ ಬಿದ್ದಿತ್ತು. 20 ನಿಮಿಷದ ಹೊತ್ತಿಗೆ ಮೊದಲಿದ್ದ ಜಾಗಕ್ಕೆ ವಾಪಸ್ ಬಂದಿತು. 90 ನಿಮಿಷದ ಹೊತ್ತಿಗೆ ಸಿನಿಮಾ ನೋಡುವ ಮೊದಲು ಇದ್ದದ್ದಕ್ಕಿಂತ ಮೇಲಕ್ಕೆ ಹೋಗಿತ್ತು.

ಒಗಟು ಬಿಡಿಸಿಕೊಂಡಿತು. ಪ್ರಯೋಗಾಲಯದವರು ಬೇಗ ಕೇಳಿದ್ದರು, ಸಮೀಕ್ಷೆಯವರು ತಡವಾಗಿ ಕೇಳಿದ್ದರು. ಅಳು ಮೊದಲು ಮನಸ್ಸನ್ನು ಕೆಳಗಿಳಿಸುತ್ತದೆ, ನಿಧಾನವಾಗಿ ಮೇಲೆ ತರುತ್ತದೆ. ಈ ಪ್ರಯೋಗಕ್ಕೂ ಅದರದೇ ಮಿತಿಗಳಿವೆ. ಭಾಗವಹಿಸಿದವರು ಕೇವಲ 60, ಅತ್ತದ್ದು ತೆರೆಯ ಮೇಲಿನ ದುಃಖಕ್ಕೆ, ಸ್ವಂತ ಮನೆಯ ದುಃಖಕ್ಕಲ್ಲ. ಸುಲಭವಾಗಿ ಅಳುವವರ ಸ್ವಭಾವವೇ ಅಳದವರಿಗಿಂತ ಬೇರೆ ಇರಬಹುದು, ಚೇತರಿಕೆಗೆ ಕಣ್ಣೀರಿನ ಬದಲು ಆ ಸ್ವಭಾವವೇ ಕಾರಣವಿರಬಹುದು. ಆದರೂ ದಿನಬಳಕೆಗೆ ಒಂದು ಮಾತು ಇದರಿಂದ ಸಿಗುತ್ತದೆ. ಅತ್ತು ಐದು ನಿಮಿಷವೂ ಆಗಿಲ್ಲದವರನ್ನು "ಈಗ ಹೇಗಿದೆ, ಸ್ವಲ್ಪ ಹಗುರಾಯ್ತಾ?" ಎಂದು ಕೇಳಬೇಡಿ. ಆಗ ಅವರು ಇನ್ನೂ ಕೆಳಗೇ ಇರುತ್ತಾರೆ. ತಲೆ ಭಾರ, ಕಣ್ಣು ಉರಿ, ಮೈ ಸೋತ ಹಾಗೆ ಅನ್ನಿಸುತ್ತಿರುತ್ತದೆ. ಒಂದು ಲೋಟ ನೀರು ಕೊಟ್ಟು ಸುಮ್ಮನೆ ಕೂತರೆ ಸಾಕು.

ನಿಜ ಜೀವನದ ಅಳುವಿನ ಲೆಕ್ಕ ಇನ್ನೂ ಮಿತವಾಗಿದೆ. ಲಾರೆನ್ ಬಿಲ್ಸ್‌ಮಾ ಎಂಬ ಸಂಶೋಧಕಿ ಮತ್ತು ಸಂಗಡಿಗರು 97 ಮಹಿಳೆಯರಿಂದ ಒಂದು ತಿಂಗಳಿಗೂ ಮೀರಿ ದಿನಚರಿ ಬರೆಸಿದರು. ಪ್ರತಿದಿನದ ಮನಃಸ್ಥಿತಿ, ಅತ್ತಿದ್ದರೆ ಯಾಕೆ, ಎಲ್ಲಿ, ಯಾರ ಎದುರು, ಆಮೇಲೆ ಹೇಗಿತ್ತು ಎಂದೆಲ್ಲ ಅದರಲ್ಲಿ ದಾಖಲಾಯಿತು. ಒಟ್ಟು 1004 ಅಳುಗಳ ವಿವರ ಸಿಕ್ಕಿತು. ಅವುಗಳಲ್ಲಿ ಹೆಚ್ಚುಪಾಲು ಅಳುಗಳಿಂದ ಮನಸ್ಸಿಗೆ ಹೇಳಿಕೊಳ್ಳುವಂಥ ಬದಲಾವಣೆಯೇ ಆಗಿರಲಿಲ್ಲ. ಹಗುರಾದದ್ದು ಸುಮಾರು ಮೂರರಲ್ಲಿ ಒಂದು ಸಲ ಮಾತ್ರ. ಕೆಲವು ಅಳುಗಳ ನಂತರ ಮನಸ್ಸು ಇನ್ನಷ್ಟು ಕೆಟ್ಟಿತ್ತು. ಕೇಳಿದರೆ ಎಲ್ಲರೂ "ಅತ್ತರೆ ಹಗುರಾಗುತ್ತದೆ" ಎನ್ನುವುದಕ್ಕೆ ಇದೂ ಒಂದು ಕಾರಣವಿರಬಹುದು: ಹಗುರಾದ ಅಳು ನೆನಪಿನಲ್ಲಿ ಉಳಿಯುತ್ತದೆ, ಏನೂ ಆಗದ ಅಳು ಮರೆತುಹೋಗುತ್ತದೆ.

ಹಗುರಾದ ಆ ಅಳುಗಳಲ್ಲಿ ಏನು ವಿಶೇಷವಿತ್ತು? ಒಂದು, ಅಳಿಸಿದ ವಿಷಯ ಬಗೆಹರಿದಿತ್ತು, ಅಥವಾ ಅದನ್ನು ಬೇರೆ ಬಗೆಯಲ್ಲಿ ನೋಡಲು ಸಾಧ್ಯವಾಗಿತ್ತು. ಇನ್ನೊಂದು, ಪಕ್ಕದಲ್ಲಿ ಒಬ್ಬರಿದ್ದರು. ಯಾರೂ ಇಲ್ಲದೆ ಅತ್ತದ್ದಕ್ಕಿಂತ, ಹಲವರ ಎದುರು ಅತ್ತದ್ದಕ್ಕಿಂತ, ಒಬ್ಬರ ಎದುರು ಅತ್ತದ್ದು ಹೆಚ್ಚು ಸಮಾಧಾನ ತಂದಿತ್ತು. ಮೂವತ್ತಕ್ಕೂ ಹೆಚ್ಚು ದೇಶಗಳಲ್ಲಿ ಸಾವಿರಾರು ಜನರನ್ನು ಕೇಳಿದ ಇನ್ನೊಂದು ಅಧ್ಯಯನವೂ ಇದನ್ನೇ ಹೇಳಿತು. ಅತ್ತಾಗ ಯಾರಾದರೂ ಸಂತೈಸಿದ್ದರೆ ಮನಸ್ಸು ಸುಧಾರಿಸಿದೆ. ಅಳುವಾಗ ನಾಚಿಕೆಪಟ್ಟಿದ್ದರೆ, ಅಳುವನ್ನು ಅದುಮಿಡಲು ಒದ್ದಾಡಿದ್ದರೆ ಸುಧಾರಿಸಿಲ್ಲ.

ಕಣ್ಣೀರಿನ ಕೆಲಸ ಇಲ್ಲೇ ಇದೆ ಎಂದು ನನಗೆ ಮನವರಿಕೆಯಾಗಿದೆ. ಅಮೆರಿಕದ ರಾಬರ್ಟ್ ಪ್ರೊವೈನ್ ಅಳುವವರ ಫೋಟೊಗಳನ್ನು ತೆಗೆದುಕೊಂಡು, ಕಂಪ್ಯೂಟರಿನಲ್ಲಿ ಕಣ್ಣೀರನ್ನಷ್ಟೇ ಅಳಿಸಿ ಜನರಿಗೆ ತೋರಿಸಿದರು. ಮುಖದ ಉಳಿದ ಗೆರೆಯೆಲ್ಲ ಹಾಗೇ ಇದ್ದರೂ ನೋಡಿದವರಿಗೆ ದುಃಖ ಕಡಿಮೆ ಕಂಡಿತು. ಕೆಲವು ಮುಖಗಳು ದುಃಖದ್ದೋ, ಬೆರಗಿನದ್ದೋ, ಯೋಚನೆಯದ್ದೋ ಎಂದು ತಿಳಿಯದಾಯಿತು. ಕಣ್ಣೀರು ಇರುವುದು ಇನ್ನೊಬ್ಬರಿಗೆ ಕಾಣಲಿಕ್ಕೆ. ಮಾತು ಹೊರಡದ ಗಳಿಗೆಯಲ್ಲಿ "ನನ್ನ ಕೈಲಿ ಆಗುತ್ತಿಲ್ಲ, ಹತ್ತಿರ ಬಾ" ಎಂದು ಅದು ಹೇಳುತ್ತದೆ. ಆ ಕರೆಗೆ ಯಾರಾದರೂ ಓಗೊಟ್ಟರೆ ಮನಸ್ಸು ಹಗುರಾಗುತ್ತದೆ, ಓಗೊಡದಿದ್ದರೆ ಕಣ್ಣೀರಷ್ಟೇ ಉಳಿಯುತ್ತದೆ.

ಈ ಬೆಳಕಿನಲ್ಲಿ ನಮ್ಮ ಸಾವಿನ ಮನೆಗಳನ್ನು ಮತ್ತೊಮ್ಮೆ ನೋಡಬೇಕು. ನಮ್ಮ ಹಳ್ಳಿಗಳಲ್ಲಿ ಹೆಣದ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಬಂದ ನೆಂಟರ ಕೊರಳು ತಬ್ಬಿ, ಸತ್ತವರ ಗುಣವನ್ನು ಒಂದೊಂದಾಗಿ ಎತ್ತಿ ಹೇಳುತ್ತಾ, ದನಿಗೆ ದನಿ ಸೇರಿಸಿ ಅಳುತ್ತಾರೆ. ಪಟ್ಟಣದವರಿಗೆ ಇದು ಅತಿ ಎನಿಸಬಹುದು. ಆದರೆ ಅಲ್ಲಿ ಅಳು ಯಾರದೋ ಒಂಟಿ ಕೋಣೆಯಲ್ಲಿ ನಡೆಯುವುದಿಲ್ಲ, ಪ್ರತಿ ಅಳುವಿಗೂ ಒಂದು ಹೆಗಲಿರುತ್ತದೆ, ನಾಚಿಕೆಗೆ ಜಾಗವೇ ಇರುವುದಿಲ್ಲ. ಇದು ಹೆಂಗಸರ ಪಾಲಿನ ಮಾತು. ಗಂಡಸರು ಅಂಗಳದಲ್ಲಿ ಚಟ್ಟ ಕಟ್ಟುತ್ತಾ, ಸೌದೆಯ ಏರ್ಪಾಟು ಮಾಡುತ್ತಾ ಓಡಾಡುತ್ತಿರುತ್ತಾರೆ. ಚಿಕ್ಕಂದಿನಲ್ಲಿ ಹುಡುಗ ಹುಡುಗಿಯರ ಅಳುವಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಹನ್ನೊಂದು ಹದಿಮೂರರ ವಯಸ್ಸಿನಿಂದ ಹುಡುಗರು ಅಳುವುದು ಕಡಿಮೆಯಾಗುತ್ತಾ ಹೋಗುತ್ತದೆ. ಅದರಲ್ಲಿ ಹಾರ್ಮೋನಿನ ಪಾಲೂ ಇರಬಹುದು, ಆದರೆ "ಗಂಡಸಾಗಿ ಅಳ್ತೀಯಾ?" ಎಂಬ ಮಾತಿನ ಪಾಲು ಖಂಡಿತ ಇದೆ. ಆ ಮಾತು ಕೇಳಿ ಬೆಳೆದವನು ಮುಂದೆ ಅತ್ತರೂ ನಾಚಿಕೊಂಡೇ ಅಳುತ್ತಾನೆ, ನಾಚಿಕೊಂಡು ಅತ್ತ ಅಳು ಹಗುರ ಮಾಡುವುದಿಲ್ಲ ಎಂದು ಆಗಲೇ ನೋಡಿದೆವು.

ಹಿರಿಯರನ್ನು ತಿದ್ದಬೇಕಾದ ಜಾಗವೂ ಇಲ್ಲೇ ಇದೆ. ಅಳದವಳನ್ನು ಅಳಿಸಲೇಬೇಕು ಎನ್ನುವುದು ತಪ್ಪು. ಅಳದೇ ಇದ್ದರೆ ದುಃಖ ಒಳಗೇ ಉಳಿದು ಮುಂದೆ ಎಂದೋ ಸ್ಫೋಟಿಸುತ್ತದೆ ಎನ್ನುವ ನಂಬಿಕೆಯನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ಜಾರ್ಜ್ ಬೊನಾನೊ ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಆಪ್ತರನ್ನು ಕಳೆದುಕೊಂಡವರಲ್ಲಿ ಬಹಳ ಜನ ಹೆಚ್ಚು ಅಳದೆಯೇ, ಮುಂದೆ ಯಾವ ಕೇಡೂ ಆಗದೆ ಚೇತರಿಸಿಕೊಂಡದ್ದನ್ನು ಅವರು ಕಂಡರು. ಗೋಡೆಗೊರಗಿ ಕುಳಿತ ಆ ಹೆಂಗಸಿಗೆ ಇನ್ನೂ ಬಿಗಿ ಸಡಿಲದೇ ಇರಬಹುದು. ಅವಳ ಕಣ್ಣೀರು ಇವತ್ತು ಜನರೆದುರು ಬರದೆ, ಹದಿನೈದು ದಿನ ಕಳೆದು, ಎಲ್ಲರೂ ಹೋದ ಮೇಲೆ, ಅಕ್ಕನ ಎದುರು ಬರಬಹುದು. ಬರದೆಯೂ ಇರಬಹುದು. ಅದರಿಂದ ಅವಳ ಪ್ರೀತಿ ಕಡಿಮೆಯೆಂದು ಯಾರೂ ಅಳೆಯಬಾರದು.

ಯಾವ ಅಳುವಿಗೆ ಹೆಗಲೊಂದೇ ಸಾಲದು ಎನ್ನುವುದನ್ನೂ ಹೇಳಬೇಕು. ಖಿನ್ನತೆಯಲ್ಲಿ ಇರುವವರಿಗೆ ಅಳುವಿನಿಂದ ಸಿಗುವ ಸಮಾಧಾನ ಬಹಳ ಕಡಿಮೆ. ಕೆಲವರು ದಿನವೂ ಅಳುತ್ತಾರೆ, 90 ನಿಮಿಷವಲ್ಲ, ಇಡೀ ದಿನ ಕಳೆದರೂ ಮೇಲೇಳುವುದಿಲ್ಲ. ಖಿನ್ನತೆ ತೀವ್ರವಾದಾಗ ಕೆಲವರಿಗೆ ಅಳಬೇಕೆನಿಸಿದರೂ ಕಣ್ಣೀರೇ ಬರುವುದಿಲ್ಲ. ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿಯೇ ಇದ್ದು, ನಿದ್ದೆ, ಹಸಿವು ತಪ್ಪಿ, ಮೊದಲು ಇಷ್ಟವಿದ್ದ ಕೆಲಸದಲ್ಲಿ ರುಚಿ ಹೋಗಿದ್ದರೆ ಅದನ್ನು ವೈದ್ಯರಿಗೆ ತೋರಿಸಬೇಕು. ಹೆರಿಗೆಯಾದ ತಾಯಂದಿರಲ್ಲಿ ಮೊದಲ ಕೆಲವು ದಿನ ಕಣ್ಣೀರು ಬೇಗ ಬರುವುದು ಸಾಮಾನ್ಯ, ಎರಡು ವಾರ ದಾಟಿದರೆ ಅದೂ ಇದೇ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ಬಗೆಯ ಅಳು ಮನೆಯವರನ್ನು ಬಹಳ ಗಾಬರಿಪಡಿಸುತ್ತದೆ. ಪಾರ್ಶ್ವವಾಯು ಹೊಡೆದು ಚೇತರಿಸಿಕೊಳ್ಳುತ್ತಿರುವ ಹಿರಿಯರೊಬ್ಬರನ್ನು ನೆನೆಸಿಕೊಳ್ಳಿ. ಸೊಸೆ ಕಾಫಿ ಲೋಟ ತಂದು ಕೈಗೆ ಕೊಡುತ್ತಾಳೆ, ಅವರು ಇದ್ದಕ್ಕಿದ್ದಂತೆ ಬಿಕ್ಕಳಿಸಿ ಅಳಲು ಶುರುಮಾಡುತ್ತಾರೆ. "ಏನಾಯ್ತು ಮಾವ, ಯಾರು ಏನಂದ್ರು?" ಎಂದು ಅವಳು ಹೆದರುತ್ತಾಳೆ. ಒಂದು ನಿಮಿಷದಲ್ಲಿ ಅಳು ನಿಲ್ಲುತ್ತದೆ, ಅವರು "ಏನೂ ಇಲ್ಲಮ್ಮ, ಯಾಕೋ ಬಂತು" ಎನ್ನುತ್ತಾರೆ. ಅವರು ಹೇಳುತ್ತಿರುವುದು ನಿಜ. ಅಳುವನ್ನು ಹಿಡಿತದಲ್ಲಿಡುವ ಮಿದುಳಿನ ದಾರಿಗೆ ಪೆಟ್ಟಾದಾಗ ಒಳಗೆ ದುಃಖವಿಲ್ಲದೆಯೂ, ಅಥವಾ ಚೂರು ಭಾವನೆಗೂ, ಅಳು ನುಗ್ಗಿಬರುತ್ತದೆ. ಕೆಲವರಿಗೆ ಅಸಂದರ್ಭದಲ್ಲಿ ನಗುವೂ ಬರುತ್ತದೆ. ಅಳು ಹಠಾತ್ತಾಗಿ ಬಂದು ಹಠಾತ್ತಾಗಿ ಹೋಗುವುದು, ನಡುವಿನ ಹೊತ್ತಿನಲ್ಲಿ ಮನಸ್ಸು ಸರಿಯಾಗಿಯೇ ಇರುವುದು ಇದರ ಗುರುತು. ಖಿನ್ನತೆಯಲ್ಲಿ ಹಾಗಲ್ಲ, ಅಳದ ಹೊತ್ತಿನಲ್ಲೂ ಮನಸ್ಸು ಕುಗ್ಗಿರುತ್ತದೆ. ಎರಡೂ ಒಟ್ಟಿಗೆ ಇರಬಹುದಾದ್ದರಿಂದ ನರರೋಗ ತಜ್ಞರ ಬಳಿ ಹೇಳಿಕೊಳ್ಳುವುದು ಒಳ್ಳೆಯದು, ಇದಕ್ಕೆ ಔಷಧಿ ಇದೆ. ಮನೆಯವರು ಅಲ್ಲಿಯವರೆಗೆ ಕಾರಣ ಕೆದಕದೆ, ಬೇರೆ ಮಾತು ತೆಗೆದರೆ ಸಾಕು.

ನಿಮ್ಮ ಅಳುವಾಗಲಿ, ಮನೆಯವರ ಅಳುವಾಗಲಿ ವಾರಗಟ್ಟಲೆ ನಿಲ್ಲದಿದ್ದರೆ, ಅಥವಾ ಅಳುವಿನ ಜೊತೆ ಸಾಯುವ ಮಾತು ಬಂದರೆ, ತಡಮಾಡಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ನಡೆಯುತ್ತಿದೆ, ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನ ಮಾರ್ಗದರ್ಶನವಿದೆ. ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.